ಆಫೀಸಿನ ಕಿರುಕುಳ: ದಿನಾಂಕ ಹಾಕಿದ ಡೈರಿ ಬರೆಯುವ ಬಗೆ

ಯಾವ ತಾರೀಖು? ಸುಮಾರು ಎಷ್ಟು ಗಂಟೆ? ಅಲ್ಲಿ ಬೇರೆ ಯಾರಿದ್ದರು? ಆಫೀಸಿನಲ್ಲಿ ಲೈಂಗಿಕ ಕಿರುಕುಳದ ದೂರು ಕೊಟ್ಟ ಹೆಂಗಸಿಗೆ, ಅದನ್ನು ವಿಚಾರಿಸುವ ಆಫೀಸಿನ ಆಂತರಿಕ ಕಮಿಟಿಯವರು ಮೊದಲು ಕೇಳುವುದು ಇವನ್ನೇ. ನಾನು ಮುಂಬೈಯಲ್ಲಿ ಇಂಥ ಕಮಿಟಿಗಳಲ್ಲಿ ಹೊರಗಿನ ಸದಸ್ಯೆಯಾಗಿ ಕೂತಿದ್ದೇನೆ. ನಿಜ ಹೇಳುತ್ತಿರುವವರೇ ಈ ಪ್ರಶ್ನೆಗಳಿಗೆ ತಡವರಿಸುವುದನ್ನು ಅಲ್ಲಿ ನೋಡಿದ್ದೇನೆ. ಆರು ತಿಂಗಳು ಒಂದೇ ಥರದ ಮಾತು ಕೇಳಿಸಿಕೊಂಡವರ ತಲೆಯಲ್ಲಿ ಎಲ್ಲ ಕಲಸಿಹೋಗಿರುತ್ತದೆ, ಯಾವುದು ಯಾವತ್ತಿನದು ಅಂತ ಬಿಡಿಸಿ ಹೇಳಲು ಆಗುವುದಿಲ್ಲ. ಎದುರಿನವನಿಗೆ ಹೇಳಬೇಕಾದ್ದು ಒಂದೇ ಮಾತು: "ಅಂಥದ್ದು ಏನೂ ಆಗಿಲ್ಲ." ಅದಕ್ಕೆ ತಾರೀಖು ಬೇಡ, ಅಲ್ವಾ.

ಇನ್ನೊಂದು ತೊಂದರೆ ಗಡುವಿನದು. ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಘಟನೆ ನಡೆದ ಮೂರು ತಿಂಗಳ ಒಳಗೆ ಲಿಖಿತ ದೂರು ಕೊಡಬೇಕು. ಒಂದಾದ ಮೇಲೊಂದು ನಡೆದಿದ್ದರೆ ಕೊನೆಯ ಘಟನೆಯಿಂದ ಲೆಕ್ಕ. ಕಾರಣ ಬರೆದಿಟ್ಟು ಇನ್ನೂ ಮೂರು ತಿಂಗಳವರೆಗೆ ಕಮಿಟಿ ಅವಕಾಶ ಕೊಡಬಹುದು, ಆದರೆ ಅದು ಅವರ ಕೈಯಲ್ಲಿರುವ ಮಾತು. ಅಂದರೆ "ಕೊನೆಯ ಸಲ ಯಾವತ್ತು" ಎಂಬುದು ಗೊತ್ತಿಲ್ಲದಿದ್ದರೆ ದೂರು ಒಳಗೇ ಬರದೆ ಹೋಗಬಹುದು.

ಇಲ್ಲಿ ಹೇಳುವುದು ಈ ಒಂದು ಬಗೆಯ ಡೈರಿಯ ಬಗ್ಗೆ ಮಾತ್ರ. ದೂರಿನ ವಿಷಯ ಗುಟ್ಟಾಗಿರಬೇಕು ಎಂದು ಕಾಯ್ದೆಯೇ ಹೇಳುತ್ತದೆ, ಹಾಗಾಗಿ ಕೆಳಗಿನ ಉದಾಹರಣೆ ನಾನೇ ಕಟ್ಟಿದ್ದು. ಡೊಂಬಿವಲಿಯಲ್ಲಿ ಮನೆ, ಲೋವರ್ ಪರೇಲಿನಲ್ಲಿ ಆಫೀಸು, ಕರಿ ರೋಡಿನಿಂದ ಸ್ಲೋ ಲೋಕಲ್ ಹಿಡಿಯುವ ಒಬ್ಬ ಕನ್ನಡದ ಹುಡುಗಿ ಎಂದಿಟ್ಟುಕೊಳ್ಳಿ.

ಮೊದಲು ಪುಸ್ತಕ

ಹೊಲಿದು ಬೈಂಡ್ ಮಾಡಿದ ಲಾಂಗ್ ಬುಕ್ ಒಂದು ತೆಗೆದುಕೊಳ್ಳಿ. ಸ್ಪೈರಲ್ ಬೇಡ, ಬಿಡಿ ಹಾಳೆ ಬೇಡ. ಸ್ಪೈರಲಿನಿಂದ ಹಾಳೆ ಹರಿದರೂ ಗೊತ್ತಾಗುವುದಿಲ್ಲ, ಮಧ್ಯೆ ಸೇರಿಸಿದರೂ ಗೊತ್ತಾಗುವುದಿಲ್ಲ, ಆ ಅನುಮಾನ ಹುಟ್ಟಿದರೆ ಮಿಕ್ಕ ಪುಟಗಳೂ ಸಿಕ್ಕಿಹಾಕಿಕೊಳ್ಳುತ್ತವೆ. ತಂದ ದಿನವೇ ಎಲ್ಲ ಪುಟಕ್ಕೂ ನಂಬರು ಹಾಕಿ. ಬಾಲ್ ಪೆನ್ನಿನಲ್ಲಿ ಬರೆಯಿರಿ. ಒಂದು ಎಂಟ್ರಿ ಮುಗಿದಲ್ಲಿ ಗೆರೆ ಎಳೆದು ಸಹಿ ಮಾಡಿ, ಮುಂದಿನದನ್ನು ಅದರ ಕೆಳಗೇ ಶುರು ಮಾಡಿ. ನಡುವೆ ಜಾಗ ಬಿಡಬೇಡಿ.

ತಪ್ಪಾದರೆ ಒಂದೇ ಗೆರೆ ಹೊಡೆಯಿರಿ, ಕೆಳಗಿನ ಅಕ್ಷರ ಕಾಣುವ ಹಾಗೆ. ಪಕ್ಕದಲ್ಲಿ ಸರಿಯಾದದ್ದು, ಸಹಿ, ಅವತ್ತಿನ ತಾರೀಖು. ವೈಟ್ನರ್ ಹಚ್ಚಬೇಡಿ. ಅಕ್ಷರ ಚೆನ್ನಾಗಿಲ್ಲ ಅಂತ ಬೇರೆ ಪುಸ್ತಕಕ್ಕೆ ಚಂದವಾಗಿ ಕಾಪಿ ಮಾಡಿ ಹಳೆಯದನ್ನು ರದ್ದಿಗೆ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಲೋಕಲಿನ ಕುಲುಕಾಟದಲ್ಲಿ ಬರೆದ ಸೊಟ್ಟ ಅಕ್ಷರಕ್ಕೆ ಇರುವ ಬೆಲೆ ಒಂದೇ ಪೆನ್ನಿನಲ್ಲಿ ಒಂದೇ ಓಘದಲ್ಲಿ ಬರೆದ ನಲವತ್ತು ಪುಟಕ್ಕೆ ಇರುವುದಿಲ್ಲ, ಅದನ್ನು ನೋಡಿದ ಕೂಡಲೇ ಯಾರಾದರೂ ಕೇಳುತ್ತಾರೆ, "ಇದೆಲ್ಲ ಒಂದೇ ಭಾನುವಾರ ಕೂತು ಬರೆದದ್ದಾ?"

ಪುಸ್ತಕ ಆಫೀಸಿನ ಡ್ರಾಯರಿನಲ್ಲಿ ಇರಬಾರದು. ಒನ್ ಆರ್‌ಕೆ ಮನೆಯಲ್ಲಿ ಬಚ್ಚಿಡಲು ಜಾಗ ಎಲ್ಲಿ ಅಂತ ಕೇಳಬಹುದು. ನಂಬಿಕೆಯ ಅಕ್ಕನ ಮನೆಯೋ ಗೆಳತಿಯ ಕಪಾಟೋ ಇದ್ದರೆ ಅನುಕೂಲ. ಇಲ್ಲದಿದ್ದರೆ ಬ್ಯಾಗಿನಲ್ಲೇ ಇರಲಿ, ಆದರೆ ಪ್ರತಿ ಎಂಟ್ರಿಯ ಫೋಟೋ ತೆಗೆದು ಅದೇ ರಾತ್ರಿ ನಿಮ್ಮ ಸ್ವಂತ ಇಮೇಲಿಗೆ ಕಳಿಸಿಕೊಳ್ಳಿ. ಪುಸ್ತಕ ಕಳೆದರೂ ಬರಹ ಉಳಿಯುತ್ತದೆ, ಜೊತೆಗೆ ಆ ಮೇಲಿನ ತಾರೀಖು ನೀವು ಕೈಯಿಂದ ಹಾಕಿದ್ದಲ್ಲ. ಆಫೀಸಿನ ಮೇಲ್ ಐಡಿ ಬಳಸಬೇಡಿ. ಅದು ಕಂಪನಿಯ ಸ್ವತ್ತು, ಒಂದು ಬೆಳಿಗ್ಗೆ ಪಾಸ್‌ವರ್ಡ್ ಬದಲಾದರೆ ಎಲ್ಲ ಅಲ್ಲೇ ಉಳಿಯುತ್ತದೆ.

ಬರೀ ಫೋನಿನ ನೋಟ್ಸಿನಲ್ಲಿ ಬರೆದರೆ ಆಗುವುದಿಲ್ಲವಾ? ಆಗುತ್ತದೆ, ಆದರೆ ಯಾವಾಗ ಬೇಕಾದರೂ ತಿದ್ದಬಹುದು ಅನ್ನುವ ಮಾತು ಬರುತ್ತದೆ. ಮುಂದೆ ಕೋರ್ಟಿಗೆ ಹೋದರೆ ಎಲೆಕ್ಟ್ರಾನಿಕ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಸರ್ಟಿಫಿಕೇಟ್ ಬೇರೆ ಬೇಕು. ನನಗೆ ಪುಸ್ತಕವೇ ಇಷ್ಟ.

ಬರೆಯುವ ಹೊತ್ತು

ಅವತ್ತೇ ಬರೆಯಿರಿ, ಆದಷ್ಟು ಮನೆ ಸೇರುವ ಮೊದಲೇ. ಅದೇ ಅಧಿನಿಯಮದ 162ನೇ ಕಲಮು ಹೇಳುವುದು ಇಷ್ಟು: ಸಾಕ್ಷಿ ಹೇಳುವವರು ಘಟನೆಯ ಹೊತ್ತಿಗೆ, ಇಲ್ಲವೇ ನೆನಪು ಇನ್ನೂ ಹಸಿಯಾಗಿರುವಷ್ಟು ಬೇಗ ತಾವೇ ಬರೆದಿಟ್ಟದ್ದನ್ನು ನೋಡಿ ನೆನಪು ತಾಜಾ ಮಾಡಿಕೊಳ್ಳಬಹುದು. ಕಮಿಟಿ ಕೋರ್ಟ್ ಅಲ್ಲ, ಅಲ್ಲಿ ಇಷ್ಟು ಕಟ್ಟುನಿಟ್ಟು ಇರುವುದಿಲ್ಲ. ಆದರೂ ನೋಡುವ ಕಣ್ಣು ಅದೇ.

ಆದ್ದರಿಂದ ಪ್ರತಿ ಎಂಟ್ರಿಗೂ ಎರಡು ಸಮಯ ಬೇಕು: ಘಟನೆ ನಡೆದದ್ದು ಯಾವಾಗ, ನೀವು ಬರೆಯುತ್ತಿರುವುದು ಯಾವಾಗ. ಎರಡನೆಯದನ್ನು ಬಹಳ ಜನ ಬಿಡುತ್ತಾರೆ.

ಕನ್ನಡದಲ್ಲಿ ಬರೆಯಬಹುದಾ ಅಂತ ಕೇಳುವವರು ಇರುತ್ತಾರೆ. ನಿಮಗೆ ಯಾವ ಭಾಷೆಯಲ್ಲಿ ಕೈ ಓಡುತ್ತದೋ ಅದರಲ್ಲೇ ಬರೆಯಿರಿ, ದೂರು ಬರೆಯುವಾಗ ಅನುವಾದ ಮಾಡಿದರಾಯಿತು. ಲೇಡೀಸ್ ಡಬ್ಬಿಯಲ್ಲಿ ಪಕ್ಕದವರು ಇಣುಕಿದರೂ ಓದಲು ಬರುವುದಿಲ್ಲ ಎನ್ನುವುದೊಂದು ಲಾಭ (ಡೊಂಬಿವಲಿ ಗಾಡಿಯಲ್ಲಿ ಅದರ ಗ್ಯಾರಂಟಿ ಕೊಡಲಾರೆ). ಆದರೆ ಅವನು ಆಡಿದ ಮಾತನ್ನು ಮಾತ್ರ ಕನ್ನಡಕ್ಕೆ ತಿರುಗಿಸಬೇಡಿ. ಹಿಂದಿಯಲ್ಲಿ ಅಂದಿದ್ದರೆ ಹಿಂದಿಯದೇ ಶಬ್ದ, ಮರಾಠಿಯಲ್ಲಿ ಅಂದಿದ್ದರೆ ಮರಾಠಿಯದೇ. ಲಿಪಿ ಕನ್ನಡದ್ದಿರಲಿ.

ಒಂದು ಎಂಟ್ರಿ, ಎರಡು ರೀತಿ

ಸಾಮಾನ್ಯವಾಗಿ ಜನ ಬರೆಯುವುದು ಹೀಗೆ:

"ಇವತ್ತೂ ಎಂದಿನ ಹಾಗೆ ಅಸಭ್ಯವಾಗಿ ಮಾತಾಡಿದ. ಎಲ್ಲರಿಗೂ ಗೊತ್ತು ಅವನು ಎಂಥವನು ಅಂತ. ಹೋಳಿ ದಿನ ಏನೋ ಮಾಡುವ ಪ್ಲಾನ್ ಇದೆ. ತುಂಬಾ ಹೆದರಿಕೆ ಆಯಿತು."

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಮೂರು ತಿಂಗಳ ನಂತರ ಇದನ್ನು ಓದಿದರೆ ಬರೆದವಳಿಗೇ ಯಾವ ಮಾತು ಅಂತ ನೆನಪಾಗುವುದಿಲ್ಲ. ಅದೇ ಸಂಜೆಯನ್ನು ಹೀಗೆ ಬರೆಯಬಹುದು. ನಿಮ್ಮ ಪುಸ್ತಕದಲ್ಲಿ "ಮ್ಯಾನೇಜರ್", "ಸಹೋದ್ಯೋಗಿ" ಎಂದಿರುವ ಕಡೆ ಪೂರ್ತಿ ಹೆಸರು ಇರಬೇಕು.

"ಬರೆದದ್ದು: 12-3-2025, ಬುಧವಾರ, ರಾತ್ರಿ 8 ಗಂಟೆ ಸುಮಾರಿಗೆ, ಟ್ರೇನಿನಲ್ಲಿ. ನಡೆದದ್ದು: ಇವತ್ತು ಸಂಜೆ ಸುಮಾರು 6:40, ಮೂರನೇ ಮಹಡಿಯ ಪ್ಯಾಂಟ್ರಿ, ಕಾಫಿ ಮಷಿನ್ ಹತ್ತಿರ. ನಾನು ಕಪ್ ತೊಳೆಯುತ್ತಿದ್ದೆ. ಮ್ಯಾನೇಜರ್ ಒಳಗೆ ಬಂದು ನನ್ನ ಎಡಕ್ಕೆ, ಭುಜ ತಾಗುವಷ್ಟು ಹತ್ತಿರ ನಿಂತರು. ಅಂದದ್ದು: 'ಹೋಲಿ ಪೇ ತೋ ಮೈ ಖುದ್ ಆಕೇ ರಂಗ್ ಲಗಾಊಂಗಾ, ತಬ್ ಕಹಾಂ ಭಾಗೋಗೀ?' ನಾನು 'ಸರ್, ಪ್ಲೀಸ್, ಐಸಾ ಮತ್ ಬೋಲಿಯೇ' ಅಂದೆ. ಅವರು ನಕ್ಕು ನನ್ನ ಬಲಗೈ ಮಣಿಕಟ್ಟು ಹಿಡಿದರು. ಕೈ ಎಳೆದುಕೊಂಡೆ. ಇನ್ನೇನೋ ಅಂದರು, ಸರಿಯಾಗಿ ಕೇಳಿಸಲಿಲ್ಲ. ಹೌಸ್‌ಕೀಪಿಂಗ್ ಮೌಶಿ ಬಾಗಿಲ ಹತ್ತಿರ ಇದ್ದರು. ಕೈ ಹಿಡಿದದ್ದು ಅವರಿಗೆ ಕಂಡಿತೋ ಇಲ್ಲವೋ ಗೊತ್ತಿಲ್ಲ. ಹೊರಗೆ ಬಂದು 6:46ಕ್ಕೆ ಸಹೋದ್ಯೋಗಿಗೆ ವಾಟ್ಸಾಪ್ ಮಾಡಿದೆ: 'ನೀನು ಎಲ್ಲಿದ್ದೀಯಾ, ಜೊತೆಗೆ ಹೊರಡೋಣ.' ಸುಮಾರು 7ಕ್ಕೆ ಇಬ್ಬರೂ ಕಾರ್ಡ್ ಪಂಚ್ ಮಾಡಿ ಹೊರಟೆವು. ದಾರಿಯಲ್ಲಿ ಅವಳಿಗೆ ಹೇಳಿದೆ."

ನೋಡಿ, ಎಲ್ಲೂ "ಅಸಭ್ಯ" ಎನ್ನುವ ಶಬ್ದ ಇಲ್ಲ. ಬೇಕಾಗಿಯೂ ಇಲ್ಲ. "ಹೋಳಿಗೆ ಬಣ್ಣ ಹಚ್ಚುತ್ತೇನೆ ಅಂದರು" ಎಂದು ಕನ್ನಡಕ್ಕೆ ಇಳಿಸಿದ್ದರೆ ಯಾರೋ ಒಬ್ಬರು "ಅದರಲ್ಲೇನಿದೆ, ಹಬ್ಬ ಅಲ್ವಾ" ಅನ್ನುತ್ತಿದ್ದರು. ಎಲ್ಲಿಗೆ ಓಡಿಹೋಗುತ್ತೀಯಾ ಎನ್ನುವ ಆ "ಕಹಾಂ ಭಾಗೋಗೀ" ಇರುವುದರಿಂದ ಹಾಗೆ ತಳ್ಳಿಹಾಕಲು ಬರುವುದಿಲ್ಲ. ಅವಳು ಬೇಡ ಅಂದದ್ದು ಮಾತಿನ ಸಮೇತ ಇದೆ. ಇಷ್ಟವಿಲ್ಲದ ವರ್ತನೆ ಎಂಬುದು ಕಾಯ್ದೆಯ ವ್ಯಾಖ್ಯೆಯಲ್ಲೇ ಬರುವುದರಿಂದ ಇದನ್ನು ಕಮಿಟಿ ಹುಡುಕುತ್ತದೆ. ಹಾಗಂತ ಬಾಯಿ ಬಿಡಲು ಆಗದೆ ಸುಮ್ನೆ ನಿಂತಿದ್ದರೆ "ಸುಮ್ಮನೆ ನಿಂತೆ, ಕೈ ಎಳೆದುಕೊಂಡು ಹೊರಗೆ ಬಂದೆ" ಅಂತಲೇ ಬರೆಯಿರಿ. ಹೇಳದ ಮಾತನ್ನು ಹೇಳಿದೆ ಅಂತ ಸೇರಿಸಬೇಡಿ.

"ಸುಮಾರು", "ಕೇಳಿಸಲಿಲ್ಲ", "ಕಂಡಿತೋ ಇಲ್ಲವೋ ಗೊತ್ತಿಲ್ಲ" ಎನ್ನುವ ಮಾತುಗಳನ್ನು ಓದಿ ಇವು ಎಂಟ್ರಿಯನ್ನು ಸಡಿಲ ಮಾಡುತ್ತವೆ ಅಂತ ಅನ್ನಿಸಬಹುದು. ನನ್ನ ಅನುಭವ ಬೇರೆ. ಮೌಶಿ ನೋಡಿದರು ಅಂತ ಖಡಾಖಂಡಿತವಾಗಿ ಬರೆದು, ನಾಳೆ ಮೌಶಿ "ನಾನು ನೋಡಲೇ ಇಲ್ಲ ತಾಯಿ" ಅಂದರೆ ಇಡೀ ಎಂಟ್ರಿ ಅಲ್ಲಾಡುತ್ತದೆ. ಗೊತ್ತಿಲ್ಲ ಅಂತ ಬರೆದಿದ್ದರೆ ಅವರು ಏನೇ ಹೇಳಲಿ, ನಿಮ್ಮ ಮಾತು ನಿಂತೇ ಇರುತ್ತದೆ. ಗಡಿಯಾರ ನೋಡಿದ್ದರೆ ಮಾತ್ರ ನಿಮಿಷದ ಲೆಕ್ಕ ಬರೆಯಿರಿ. ಇಲ್ಲಿ 6:46 ಎಂದು ನಿಖರವಾಗಿ ಇರುವುದು ವಾಟ್ಸಾಪಿನಲ್ಲಿ ಸಮಯ ಇರುವುದರಿಂದ.

ಈ ವಾಟ್ಸಾಪ್, ಕಾರ್ಡ್ ಪಂಚ್, ಜೊತೆಗೆ ಹೊರಟ ಸಹೋದ್ಯೋಗಿ, ಇವೇ ಎಂಟ್ರಿಯ ಗೂಟಗಳು. ಡೈರಿ ನೀವೇ ಬರೆದದ್ದು, ಅದೊಂದೇ ಇದ್ದರೆ ನಿಮ್ಮ ಮಾತಿಗೆ ನಿಮ್ಮದೇ ಮಾತು ಸಾಕ್ಷಿ. ನಿಮ್ಮ ಕೈಯಲ್ಲಿ ಇಲ್ಲದ ಯಾವುದೋ ದಾಖಲೆಗೆ ಅದನ್ನು ಕಟ್ಟಿದಾಗ ಗಟ್ಟಿಯಾಗುತ್ತದೆ. "ಆ ದಿನ ನಾನು ಆರಕ್ಕೇ ಹೊರಟಿದ್ದೆ" ಅಂತ ಮ್ಯಾನೇಜರ್ ಹೇಳಿದರೆ ಕಮಿಟಿ ಅವರ ಕಾರ್ಡಿನ ಲಾಗ್ ತರಿಸಿ ನೋಡಬಹುದು. ದಾಖಲೆ ತರಿಸುವ, ಜನರನ್ನು ಕರೆಸುವ ಅಧಿಕಾರ ಅದಕ್ಕಿದೆ. ಆದರೆ ಯಾವ ದಿನದ, ಯಾವ ಮಹಡಿಯ, ಯಾವ ಹೊತ್ತಿನ ಲಾಗ್ ಎನ್ನುವುದನ್ನು ನೀವು ಹೇಳಬೇಕು. ಸಿಸಿಟಿವಿ ಅಂತೂ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುತ್ತಾ ಹೋಗುತ್ತದೆ. ಪ್ಯಾಂಟ್ರಿಯ ಹೊರಗೆ ಕ್ಯಾಮೆರಾ ಇದ್ದರೆ ಅದನ್ನೂ ಎಂಟ್ರಿಯಲ್ಲಿ ಬರೆಯಿರಿ, ದೂರು ಕೊಡುವ ದಿನವೇ ಆ ಹೊತ್ತಿನ ರೆಕಾರ್ಡಿಂಗ್ ತೆಗೆದಿಡಿ ಅಂತ ಬರವಣಿಗೆಯಲ್ಲಿ ಕೇಳಿ.

ಹಳೆಯದನ್ನು ಏನು ಮಾಡುವುದು

ಬಹಳಷ್ಟು ಜನ ಪುಸ್ತಕ ತರುವ ಹೊತ್ತಿಗೆ ಎರಡು ಮೂರು ಘಟನೆ ಆಗಿಹೋಗಿರುತ್ತವೆ. ಅವನ್ನು ಹಳೆಯ ತಾರೀಖು ಹಾಕಿ ಬರೆಯುವ ಆಸೆ ಆಗುತ್ತದೆ. ಆ ಒಂದು ಕೆಲಸ ಮಾಡಬೇಡಿ. ಇವತ್ತಿನ ತಾರೀಖು ಹಾಕಿ, "ಕೆಳಗಿನದು ಇವತ್ತು ನೆನಪಿನಿಂದ ಬರೆದದ್ದು" ಎಂದು ಬರೆದು ಮುಂದುವರಿಸಿ.

ನಮ್ಮ ಹುಡುಗಿಗೆ ಜನವರಿಯ ಒಂದು ಘಟನೆ ನೆನಪಿದೆ, ತಾರೀಖು ನೆನಪಿಲ್ಲ. ಆದರೆ ಆಫೀಸಿನಲ್ಲಿ ಸಂಕ್ರಾಂತಿಯ ತಿಳ್‌ಗುಳ್ ಹಂಚಿದ ಮರುದಿನ ಅಂತ ಗೊತ್ತು. ಆಫೀಸಿನ ಗ್ರೂಪಿನಲ್ಲಿ ತಿಳ್‌ಗುಳ್ ಡಬ್ಬಿಯ ಫೋಟೋ ಜನವರಿ 14ರಂದು ಬಂದಿದೆ. ಹಾಗಾದರೆ ಘಟನೆ 15ರಂದು. ಅವಳು ಬರೆಯಬೇಕಾದ್ದು "15-1-2025 ಇರಬೇಕು, ಯಾಕೆಂದರೆ ಹಿಂದಿನ ದಿನದ ಫೋಟೋ ಗ್ರೂಪಿನಲ್ಲಿದೆ" ಎಂದು. ತಾರೀಖು ಹೇಗೆ ಸಿಕ್ಕಿತು ಎನ್ನುವುದೂ ಎಂಟ್ರಿಯ ಭಾಗ. ನೆನಪು ಹೀಗೆ ಹಬ್ಬಕ್ಕೆ, ಸಂಬಳದ ದಿನಕ್ಕೆ, ಮೆಗಾ ಬ್ಲಾಕಿನ ಭಾನುವಾರಕ್ಕೆ ಅಂಟಿಕೊಂಡಿರುತ್ತದೆ, ಕೆದಕಿದರೆ ಸಿಗುತ್ತದೆ.

ಗಡುವಿನ ಲೆಕ್ಕ ಇಲ್ಲಿ ಕಣ್ಣಿಗೆ ಕಾಣುತ್ತದೆ. ಜನವರಿ 15ರದು ಒಂದೇ ಘಟನೆ ಆಗಿದ್ದರೆ ಏಪ್ರಿಲ್ 15ಕ್ಕೆ ಮೂರು ತಿಂಗಳು ಮುಗಿಯಿತು. ಮಾರ್ಚ್ 12ರದು ಅದೇ ಸರಣಿಯ ಕೊನೆಯ ಘಟನೆಯಾದರೆ ಜೂನ್ 12ರವರೆಗೆ ಸಮಯ. ಪುಸ್ತಕದ ಒಳ ರಟ್ಟಿನ ಮೇಲೆ ಆ ತಾರೀಖನ್ನು ಬರೆದಿಟ್ಟುಕೊಳ್ಳಿ, ಆದರೆ ಕೊನೆಯ ದಿನದವರೆಗೆ ಕಾಯಬೇಡಿ.

ಬಿಡಬೇಕಾದ್ದು

ಕೋರ್ಟಿನಲ್ಲಿ ನೀವು ನೋಡಿ ನೆನಪು ಮಾಡಿಕೊಂಡ ಬರಹವನ್ನು ಎದುರಿನವರು ಕೇಳಿದರೆ ತೋರಿಸಬೇಕು, ಅದರ ಮೇಲೆ ಅವರು ಪಾಟೀಸವಾಲು ಮಾಡಬಹುದು. 164ನೇ ಕಲಮು. ಈ ಪುಸ್ತಕದಲ್ಲಿ ಏನಿರಬಾರದು ಎನ್ನುವುದಕ್ಕೆ ಇದೊಂದೇ ಅಳತೆಗೋಲು ಸಾಕು: ಅವನ ವಕೀಲ ಇದನ್ನು ಗಟ್ಟಿಯಾಗಿ ಓದಿದರೆ ಹೇಗೆ?

ಅತ್ತೆಯ ಜೊತೆಗಿನ ಜಗಳ, ಪೀರಿಯಡ್ಸ್ ತೊಂದರೆ, ಇಎಂಐ ಚಿಂತೆ ಇದರಲ್ಲಿ ಬೇಡ, ಅದಕ್ಕೆ ಬೇರೆ ಪುಸ್ತಕ ಇಡಿ. ಬೈಗುಳ ಬೇಡ. "ಇವನಿಗೆ ಬುದ್ಧಿ ಕಲಿಸದೆ ಬಿಡಲ್ಲ" ಅಂತ ಸಿಟ್ಟಿನಲ್ಲಿ ಬರೆದ ಒಂದು ಸಾಲು ಸಾಕು, ಇಡೀ ದೂರೇ ಸೇಡಿಗಾಗಿ ಅನ್ನಲು. ಕಲಮು ನಂಬರುಗಳು ಬೇಡ, ಅವು ದೂರಿಗೆ ಸೇರಿದ್ದು, ಮತ್ತು ಅವತ್ತೇ ಸಂಜೆ ಟ್ರೇನಿನಲ್ಲಿ ಬರೆದ ಎಂಟ್ರಿಯಲ್ಲಿ ಕಾಯ್ದೆಯ ಭಾಷೆ ಇದ್ದರೆ ಯಾರೋ ಹೇಳಿ ಬರೆಸಿದ ಹಾಗೆ ಕಾಣುತ್ತದೆ. ಅವನ ಮನಸ್ಸಿನಲ್ಲಿ ಏನಿತ್ತು ಎನ್ನುವ ಊಹೆಯೂ ಬೇಡ. "ಪ್ಲಾನ್ ಇದೆ" ಎನ್ನುವುದು ನಿಮಗೆ ಗೊತ್ತಿಲ್ಲ, "ಕಹಾಂ ಭಾಗೋಗೀ ಅಂದರು" ಎನ್ನುವುದು ಗೊತ್ತು.

"ಅವನು ಹಳೆ ಆಫೀಸಿನಲ್ಲೂ ಹೀಗೇ ಇದ್ದನಂತೆ" ಎಂಬ ಗಾಳಿಮಾತನ್ನೂ ಬಿಡಿ. ಒಬ್ಬ ಸಹೋದ್ಯೋಗಿ ತನಗೂ ಹೀಗಾಗಿದೆ ಅಂತ ನಿಮಗೇ ಹೇಳಿದರೆ, ಹೇಳಿದ ದಿನ, ಹೇಳಿದವರ ಹೆಸರು, ಅವರ ಮಾತು ಇಷ್ಟನ್ನು ಬರೆಯಬಹುದು. ಅವರಿಗೆ ಏನಾಯಿತು ಎಂಬುದನ್ನು ನೀವೇ ಕಂಡ ಹಾಗೆ ಬರೆಯಬೇಡಿ, ಅದನ್ನು ಹೇಳಬೇಕಾದವರು ಅವರು.

ಕ್ಲೈಂಟಿನ ಫೈಲು, ಕಂಪನಿಯ ಲೆಕ್ಕಪತ್ರದ ಸ್ಕ್ರೀನ್‌ಶಾಟ್ ಇವನ್ನು ಪುರಾವೆ ಅಂತ ಸ್ವಂತ ಮೇಲಿಗೆ ಕಳಿಸಿಕೊಳ್ಳಬೇಡಿ. ಅದರ ಮೇಲೇ ನಿಮಗೆ ಮೆಮೋ ಬರುತ್ತದೆ. ಪುರಾವೆಯಾಗಬಲ್ಲ ಆಫೀಸಿನ ಇಮೇಲ್ ಇದ್ದರೆ ಅದರ ತಾರೀಖು, ಸಬ್ಜೆಕ್ಟ್ ಲೈನ್, ಕಳಿಸಿದವರು, ಇಷ್ಟು ಬರೆದಿಟ್ಟುಕೊಂಡರೆ ಕಮಿಟಿ ತರಿಸುತ್ತದೆ.

ಇದೆಲ್ಲದರ ನಡುವೆ ಬಿಡಬಾರದ ಒಂದು ಇದೆ, ಜನ ಅದನ್ನೇ ಬಿಡುತ್ತಾರೆ: ನಿಮಗೆ ಅನುಕೂಲವಲ್ಲದ್ದು. ಹೋಳಿ ದಿನ ಮ್ಯಾನೇಜರ್ "ಹ್ಯಾಪಿ ಹೋಲಿ" ಕಳಿಸಿದರು, ಹುಡುಗಿ ನಗುವ ಮುಖದ ಇಮೋಜಿ ಹಾಕಿ ಉತ್ತರ ಕೊಟ್ಟಳು. ಇದು ಅವನ ಫೋನಿನಲ್ಲಿ ಇದ್ದೇ ಇದೆ, ಅವನು ತೋರಿಸಿಯೇ ತೋರಿಸುತ್ತಾನೆ. ಅವಳ ಪುಸ್ತಕದಲ್ಲಿ ಮಾರ್ಚ್ 14ರ ಎಂಟ್ರಿ ಇದ್ದರೆ, "ಮೆಸೇಜ್ ಬಂತು, ಇಮೋಜಿ ಕಳಿಸಿದೆ, ಅಪ್ರೈಸಲ್ ಇನ್ನೂ ಅವರ ಕೈಯಲ್ಲಿದೆ, ಉತ್ತರಿಸದೆ ಇರಲು ಧೈರ್ಯ ಬರಲಿಲ್ಲ" ಎಂದು, ಆ ಸ್ಕ್ರೀನ್‌ಶಾಟಿನಲ್ಲಿ ಹೊಸದೇನೂ ಉಳಿಯುವುದಿಲ್ಲ. ಕಮಿಟಿಯಲ್ಲಿ ಕೂತವರಿಗೆ, ತನಗೆ ವಿರುದ್ಧವಾದದ್ದನ್ನೂ ಬರೆದವಳು ಮಿಕ್ಕದ್ದನ್ನೂ ನಿಜವೇ ಬರೆದಿರಬೇಕು ಎನ್ನಿಸುತ್ತದೆ.

ಹಾಗಾದರೆ ಹೆದರಿಕೆ, ನಿದ್ದೆ ಬರದ್ದು ಬರೆಯಬಾರದಾ? ಬರೆಯಿರಿ, ಆದರೆ ನಡೆದದ್ದನ್ನಾಗಿ. "ಮಾರ್ಚ್ 13, ಆಫೀಸಿಗೆ ಹೋಗಲಿಲ್ಲ, ಬೆಳಿಗ್ಗೆ ರಜೆಯ ಮೇಲ್ ಕಳಿಸಿದೆ." "ಮಾರ್ಚ್ 18, ಡಾಕ್ಟರ ಹತ್ತಿರ ಹೋದೆ, ರಸೀದಿ ಇದೆ." ಪರಿಹಾರ ನಿಗದಿ ಮಾಡುವಾಗ ಮಾನಸಿಕ ಯಾತನೆ, ವೈದ್ಯಕೀಯ ಖರ್ಚು, ಕೆಲಸದಲ್ಲಿ ಕೈತಪ್ಪಿದ ಅವಕಾಶ ಇವನ್ನು ನೋಡಬೇಕೆಂದು ಕಾಯ್ದೆಯಲ್ಲೇ ಇದೆ.

ಪುಸ್ತಕದಿಂದ ದೂರಿಗೆ

ಪುಸ್ತಕವನ್ನು ಯಾರ ಕೈಗೂ ಕೊಟ್ಟುಬಿಡಬೇಡಿ. ಅದನ್ನು ಮುಂದಿಟ್ಟುಕೊಂಡು ತಾರೀಖಿನ ಕ್ರಮದಲ್ಲಿ ದೂರು ಬರೆಯಿರಿ, ಹಿಂದಿಯ ಮಾತು ಹಾಗೇ ಇರಲಿ, ಪಕ್ಕದಲ್ಲಿ ಇಂಗ್ಲಿಷ್ ಅರ್ಥ. ಪುಟಗಳ ಜೆರಾಕ್ಸ್ ಕೇಳಿದರೆ ಕೊಡಿ, ಅನುವಾದದ ಜೊತೆ. ನಿಯಮದ ಪ್ರಕಾರ ದೂರಿನ ಆರು ಪ್ರತಿ, ದಾಖಲೆಗಳು, ಸಾಕ್ಷಿಗಳ ಹೆಸರು ವಿಳಾಸ ಕೊಡಬೇಕು. ಕೊಟ್ಟ ದಿನದ ಸ್ವೀಕೃತಿ ತೆಗೆದುಕೊಂಡು ಅದನ್ನೂ ಡೈರಿಯಲ್ಲಿ ಬರೆಯಿರಿ. ಹತ್ತಕ್ಕಿಂತ ಕಡಿಮೆ ಜನ ಇರುವ ಜಾಗವಾದರೆ, ಅಥವಾ ದೂರು ಮಾಲೀಕನ ಮೇಲೇ ಆದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಲೋವರ್ ಪರೇಲ್ ಬರುವುದು ಮುಂಬೈ ಶಹರ ಜಿಲ್ಲೆಯಲ್ಲಿ, ಅಂಧೇರಿ ಕುರ್ಲಾ ಎಲ್ಲ ಉಪನಗರ ಜಿಲ್ಲೆಯಲ್ಲಿ. ಮನೆ ಠಾಣೆ ಜಿಲ್ಲೆಯ ಡೊಂಬಿವಲಿಯಲ್ಲಿದ್ದರೂ ನೋಡಬೇಕಾದ್ದು ಕೆಲಸದ ಜಾಗ.

ಕಮಿಟಿಯ ಮುಂದೆ ವಕೀಲರನ್ನು ಇಟ್ಟುಕೊಳ್ಳುವಂತಿಲ್ಲ, ಇಬ್ಬರಿಗೂ. ನೀವೇ ಮಾತಾಡಬೇಕು. ಹಿಂದಿನ ರಾತ್ರಿ ಪುಸ್ತಕ ಒಮ್ಮೆ ಓದಿಕೊಳ್ಳಿ, ಆದರೆ ಬಾಯಿಪಾಠ ಮಾಡಬೇಡಿ. ನೆನಪಾಗದಿದ್ದರೆ "ಅವತ್ತು ಬರೆದಿಟ್ಟಿದ್ದೇನೆ, ನೋಡಿ ಹೇಳುತ್ತೇನೆ" ಅನ್ನಬಹುದು.

ದೂರು ಕೊಟ್ಟ ಮೇಲೂ ಬರೆಯುವುದನ್ನು ನಿಲ್ಲಿಸಬೇಡಿ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು, ಆ ನಡುವೆ ಶಿಫ್ಟ್ ಬದಲಾಗಬಹುದು, ಮೀಟಿಂಗಿನ ಮೇಲ್ ಬರುವುದು ನಿಲ್ಲಬಹುದು, ಇದ್ದಕ್ಕಿದ್ದಂತೆ ಕೆಲಸ ಸರಿಯಿಲ್ಲ ಅನ್ನಬಹುದು. ಹಿಂದಿನ ವರ್ಷದ ಅಪ್ರೈಸಲಿನ ರೇಟಿಂಗ್ ಎಷ್ಟಿತ್ತು, ಯಾವ ತಾರೀಖಿನ ಮೇಲಿನಲ್ಲಿ ಬಂತು ಎನ್ನುವುದನ್ನು ಮೊದಲೇ ಒಂದು ಸಾಲು ಬರೆದಿಟ್ಟಿದ್ದರೆ ಹೋಲಿಸಲು ಸಿಗುತ್ತದೆ. ಕಮಿಟಿಯ ಶಿಫಾರಸು ಬಂದ ಮೇಲೆ ಮೇಲ್ಮನವಿಗೆ ಇನ್ನೂ 90 ದಿನ ಇರುತ್ತದೆ. ಅದೂ ಕಳೆಯುವ ತನಕ ಪುಸ್ತಕ, ಮೇಲ್ ಮಾಡಿದ ಫೋಟೋಗಳು, ಆ ವಾಟ್ಸಾಪ್ ಇರುವ ಹಳೆ ಫೋನು ಮೂರೂ ಹಾಗೇ ಇರಲಿ, ಫೋನನ್ನು ಎಕ್ಸ್‌ಚೇಂಜಿಗೆ ಹಾಕಬೇಡಿ.